ರಾಘವರು ಹುಟ್ಟಿದ್ದು ಯಾವ ಜಿಲ್ಲೆಯಲ್ಲಿ? ಶಾಲಾ ಪ್ರಾಜೆಕ್ಟ್‌ನಲ್ಲಿ ಆಕರ ಬರೆಯುವ ಬಗೆ

ಬಳ್ಳಾರಿಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವವನ ಮೇಜಿನ ಮೇಲೆ ವರ್ಷಕ್ಕೆ ಹತ್ತಾದರೂ ಬಳ್ಳಾರಿ ರಾಘವರು ಬಂದು ಕೂರುತ್ತಾರೆ. ಹೊದಿಕೆಗೆ ಮಿನುಗುವ ಕಾಗದ, ಒಳಗೆ ಪುಸ್ತಕದಂಗಡಿಯ ಚಿತ್ರದ ಹಾಳೆಯಿಂದ ಕತ್ತರಿಸಿ ಅಂಟಿಸಿದ ಭಾವಚಿತ್ರ, ನಾಲ್ಕು ಪುಟ ಬರಹ, ಕೊನೆಯಲ್ಲಿ ಬಣ್ಣದ ಪೆನ್ನಿನಲ್ಲಿ ‘ಗ್ರಂಥಋಣ’ ಎಂಬ ತಲೆಬರಹ. ಅದರ ಕೆಳಗೆ ಮೂರು ಸಾಲು: ಇಂಟರ್‌ನೆಟ್, ಗೂಗಲ್, ಗ್ರಂಥಾಲಯ. ಸಾಲ ಯಾರಿಂದ ತಂದೆ ಎಂದು ಕೇಳಿದರೆ ‘ಸಂತೆಯಿಂದ’ ಎಂದ ಹಾಗೆ.

ಹೋದ ವರ್ಷ ಒಬ್ಬ ಹುಡುಗಿ ಬರೆಯುವ ಮೊದಲೇ ಬಂದು ಕೇಳಿದಳು. “ಸರ್, ಅಂಗಡಿಯ ಹಾಳೆಯಲ್ಲಿ ರಾಘವರು ಬಳ್ಳಾರಿ ಜಿಲ್ಲೆಯಲ್ಲಿ ಹುಟ್ಟಿದರು ಎಂದಿದೆ. ಮೊಬೈಲ್‌ನಲ್ಲಿ ನೋಡಿದರೆ ಅನಂತಪುರ ಜಿಲ್ಲೆ ಎಂದಿದೆ. ಯಾವುದನ್ನು ಬರೆಯಲಿ?” ನನಗೆ ಖುಷಿಯಾಯಿತು. ಎರಡು ಕಡೆ ನೋಡಿದವರಿಗೆ ಮಾತ್ರ ಈ ತೊಡಕು ಎದುರಾಗುತ್ತದೆ. “ಎರಡೂ ಸರಿ ಇರಬಹುದಮ್ಮ, ಆದರೆ ಯಾವುದು ಯಾವಾಗ ಸರಿ ಎಂದು ತೋರಿಸಬೇಕು” ಎಂದೆ. ಅವಳ ಆ ಒಂದು ವಾಕ್ಯವನ್ನು ಸರಿಪಡಿಸಲು ನಮಗೆ ಮೂರು ದಿನ ಹಿಡಿಯಿತು. ಆ ಮೂರು ದಿನ ಏನು ಮಾಡಿದೆವು ಎಂಬುದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತೇನೆ.

ಮೊದಲು ವಾಕ್ಯವನ್ನು ಬಿಡಿಸಿ

ಅವಳ ಕರಡಿನ ಮೊದಲ ವಾಕ್ಯ ಹೀಗಿತ್ತು: ‘ಪ್ರಸಿದ್ಧ ನಟರೂ ವಕೀಲರೂ ಆಗಿದ್ದ ಬಳ್ಳಾರಿ ರಾಘವರು 1880ರ ಆಗಸ್ಟ್ 2ರಂದು ಕರ್ನಾಟಕದ ಬಳ್ಳಾರಿ ಜಿಲ್ಲೆಯಲ್ಲಿ ಜನಿಸಿದರು.’ ಓದಲು ಒಂದೇ ವಾಕ್ಯ. ಆದರೆ ಅದರೊಳಗೆ ಬೇರೆ ಬೇರೆಯಾಗಿ ತಪ್ಪಾಗಬಹುದಾದ ಸಂಗತಿಗಳು ನಾಲ್ಕಿವೆ: ವೃತ್ತಿ, ಹುಟ್ಟಿದ ದಿನಾಂಕ, ಹುಟ್ಟಿದ ಊರು, ಆ ಊರು ಆಗ ಇದ್ದ ಜಿಲ್ಲೆ ಮತ್ತು ಪ್ರಾಂತ್ಯ. ವೃತ್ತಿಯ ಬಗ್ಗೆ ಜಗಳವಿಲ್ಲ. ಉಳಿದ ಮೂರಕ್ಕೆ ಒಂದೇ ಪುಸ್ತಕ ಸಾಕಾಗಲಿಕ್ಕಿಲ್ಲ.

ಹಾಗಾಗಿ ನೋಟ್‌ಪುಸ್ತಕದ ಎರಡು ಎದುರುಬದುರು ಪುಟ ತೆಗೆದುಕೊಳ್ಳಿ. ಎಡಗಡೆ ಒಂದೊಂದು ಸಂಗತಿಗೆ ಒಂದೊಂದು ಸಾಲು, ಬಲಗಡೆ ಅದು ಸಿಕ್ಕ ಜಾಗ. ಬಲಗಡೆ ಖಾಲಿ ಉಳಿದ ಸಂಗತಿಯನ್ನು ಇನ್ನೂ ಪ್ರಾಜೆಕ್ಟ್‌ಗೆ ಇಳಿಸಬೇಡಿ. ಎಲ್ಲ ವಾಕ್ಯಕ್ಕೂ ಇಷ್ಟು ಶ್ರಮ ಬೇಡ. ‘ಬಳ್ಳಾರಿ ಕರ್ನಾಟಕದ ಒಂದು ಜಿಲ್ಲಾ ಕೇಂದ್ರ’ ಎಂಬುದಕ್ಕೆ ಆಕರ ಕೊಡುವುದು ಸೂರ್ಯನಿಗೆ ದೀಪ ಹಿಡಿದ ಹಾಗೆ. ದಿನಾಂಕ, ಸ್ಥಳ, ವಯಸ್ಸು, ಪ್ರಶಸ್ತಿ, ‘ಮೊದಲಿಗರು’ ಎಂಬ ಮಾತು, ಯಾರೋ ಯಾರಿಗೋ ಹೇಳಿದ ಮಾತು, ಇವಿಷ್ಟಕ್ಕೆ ಆಕರ ಬೇಕೇ ಬೇಕು.

ಪುಸ್ತಕ ಕೈಯಲ್ಲಿರುವಾಗಲೇ ಬರೆದುಕೊಳ್ಳಿ

ಜಿಲ್ಲಾ ಗ್ರಂಥಾಲಯದಲ್ಲಿ ಗೆಜೆಟಿಯರ್, ಕೋಶಗಳಂಥ ಪುಸ್ತಕಗಳನ್ನು ಸಾಮಾನ್ಯವಾಗಿ ಮನೆಗೆ ಕೊಡುವುದಿಲ್ಲ, ಅಲ್ಲೇ ಕೂತು ಓದಬೇಕು. ಮನೆಗೆ ಬಂದ ಮೇಲೆ ‘ಪುಟ ಎಷ್ಟಿತ್ತು?’ ಎಂದು ನೆನಪಾದರೆ ಇನ್ನೊಂದು ಬಸ್ ಟಿಕೆಟ್ ಆಯಿತು. ಆದ್ದರಿಂದ ಪುಸ್ತಕ ಮುಚ್ಚುವ ಮೊದಲು ಮೊಬೈಲ್‌ನಲ್ಲಿ ಮೂರು ಫೋಟೋ ತೆಗೆಯಿರಿ: ಹೆಸರು ಅಚ್ಚಾದ ಒಳಪುಟ, ಅದರ ಬೆನ್ನಿನ ಪುಟ, ಮತ್ತು ನಿಮಗೆ ಬೇಕಾದ ಸಂಗತಿ ಇರುವ ಪುಟ, ಅದೂ ಪುಟಸಂಖ್ಯೆ ಕಾಣುವ ಹಾಗೆ.

ಹೊರ ರಟ್ಟನ್ನು ನಂಬಬೇಡಿ. ಗ್ರಂಥಾಲಯದವರು ಹೊಸ ರಟ್ಟು ಕಟ್ಟಿಸಿದಾಗ ಬೆನ್ನಿನ ಮೇಲೆ ಹೆಸರು ಅರ್ಧವೇ ಉಳಿದಿರುತ್ತದೆ. ಹೆಸರಿನ ಪುಟದ ಬೆನ್ನಿನಲ್ಲಿ ಸಣ್ಣ ಅಕ್ಷರದಲ್ಲಿ ಪ್ರಕಾಶಕರು, ಮೊದಲ ಮುದ್ರಣದ ವರ್ಷ, ಮರುಮುದ್ರಣದ ವರ್ಷ ಇರುತ್ತವೆ. ನಿಮ್ಮ ಕೈಯಲ್ಲಿರುವ ಪ್ರತಿ ಯಾವ ಮುದ್ರಣದ್ದೋ ಆ ವರ್ಷವನ್ನೇ ಕೊಡಿ, ಏಕೆಂದರೆ ಮುದ್ರಣ ಬದಲಾದರೆ ಪುಟಸಂಖ್ಯೆಯೂ ಬದಲಾಗುತ್ತದೆ. ಮೊದಲ ಮುದ್ರಣದ ವರ್ಷ ಬರೆದು ಮರುಮುದ್ರಣದ ಪುಟ ಕೊಟ್ಟರೆ ಹುಡುಕಿಕೊಂಡು ಹೋದವರಿಗೆ ಅಲ್ಲಿ ಬೇರೇನೋ ಸಿಗುತ್ತದೆ.

ಲೇಖಕರ ಹೆಸರನ್ನು ಒಳಪುಟದಲ್ಲಿ ಇರುವ ಹಾಗೆಯೇ ಬರೆಯಿರಿ. ಇಂಗ್ಲಿಷ್ ಪುಸ್ತಕಗಳ ರೂಢಿ ನೋಡಿ ಕೆಲವರು ನಮ್ಮ ಹೆಸರುಗಳನ್ನೂ ಹಿಂದುಮುಂದು ಮಾಡುತ್ತಾರೆ. ನಮ್ಮಲ್ಲಿ ಮುಂದಿರುವುದು ಊರಿನ ಹೆಸರೋ ತಂದೆಯ ಹೆಸರೋ ಮನೆತನವೋ ಎಂಬುದು ಹೆಸರಿಂದ ಹೆಸರಿಗೆ ಬೇರೆ. ತಿರುಗಿಸಲು ಹೋಗಿ ‘ರಾಘವ, ಬಳ್ಳಾರಿ’ ಎಂದರೆ ಊರೇ ಹೆಸರಾಗಿಬಿಡುತ್ತದೆ. ಕಾವ್ಯನಾಮದಲ್ಲಿ ಪುಸ್ತಕವಿದ್ದರೆ ಕಾವ್ಯನಾಮವೇ ಸಾಕು.

ಎರಡು ಆಕರ ಬೇರೆ ಹೇಳಿದಾಗ

ಈಗ ಆ ಜಿಲ್ಲೆಯ ತೊಡಕಿಗೆ ಬರೋಣ. ಹುಡುಗಿ ಇನ್ನೂ ನಾಲ್ಕು ಕಡೆ ಹುಡುಕಿದಳು. ಎಲ್ಲ ಕಡೆಯೂ ಊರಿನ ಹೆಸರು ಇದ್ದಲ್ಲಿ ಅದು ತಾಡಪತ್ರಿ ಎಂದೇ ಇತ್ತು, ಕೆಲವು ಕಡೆ ತೆಲುಗಿನ ಉಚ್ಚಾರಕ್ಕೆ ತಕ್ಕಂತೆ ತಾಡಿಪತ್ರಿ. ಊರಿನಲ್ಲಿ ಒಮ್ಮತ, ಜಿಲ್ಲೆಯಲ್ಲಿ ಭಿನ್ನಮತ. ಇಂಥ ಭಿನ್ನಮತ ಕಂಡ ಕೂಡಲೇ ನಮ್ಮ ಭಾಗದವರು ಕೇಳಬೇಕಾದ ಪ್ರಶ್ನೆ ಒಂದೇ: ನಡುವೆ ಗಡಿ ಬದಲಾಯಿತೇ?

ಬದಲಾಗಿತ್ತು. ಅನಂತಪುರ ಜಿಲ್ಲೆ 1882ರಲ್ಲಿ ಬಳ್ಳಾರಿ ಜಿಲ್ಲೆಯಿಂದಲೇ ಬೇರೆಯಾದದ್ದು. ತಾಡಪತ್ರಿ ಆಗ ಅತ್ತ ಹೋಯಿತು. ರಾಘವರು ಹುಟ್ಟಿದ್ದು ಅದಕ್ಕೆ ಎರಡು ವರ್ಷ ಮೊದಲು. ಹುಟ್ಟಿದ ದಿನ ಊರು ಬಳ್ಳಾರಿ ಜಿಲ್ಲೆಯದು, ಮಗು ನಡೆಯಲು ಕಲಿಯುವ ಹೊತ್ತಿಗೆ ಅನಂತಪುರ ಜಿಲ್ಲೆಯದು. ಅಂಗಡಿಯ ಹಾಳೆ ಬರೆದವರು ಇದನ್ನೆಲ್ಲ ತಿಳಿದೇ ‘ಬಳ್ಳಾರಿ ಜಿಲ್ಲೆ’ ಎಂದರೋ, ಹೆಸರಿನ ಹಿಂದೆ ಬಳ್ಳಾರಿ ಇದೆ ಎಂದು ಊಹಿಸಿದರೋ, ಹಾಳೆಯಲ್ಲಿ ಆಕರವೇ ಇಲ್ಲದ್ದರಿಂದ ಹೇಳುವುದು ಸಾಧ್ಯವಿಲ್ಲ. ಸರಿಯಾದ ಉತ್ತರವೂ ಆಕರವಿಲ್ಲದೆ ಬಂದರೆ ಹೀಗೆ ಅನುಮಾನಕ್ಕೆ ಈಡಾಗುತ್ತದೆ.

ಇನ್ನು ‘ಕರ್ನಾಟಕದ’ ಎಂಬ ಪದ. ರಾಘವರು ತೀರಿಕೊಂಡದ್ದು 1946ರ ಏಪ್ರಿಲ್ 16ರಂದು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಅಂದರೆ ಅವರ ಇಡೀ ಬದುಕಿನಲ್ಲಿ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲೇ ಇತ್ತು. ಅವರು ವಕೀಲಿಕೆಯನ್ನು ಮದ್ರಾಸಿನಲ್ಲಿ ಏಕೆ ಓದಿದರು, ತೆಲುಗು ರಂಗಭೂಮಿಯಲ್ಲಿ ಅಷ್ಟು ದೊಡ್ಡ ಹೆಸರು ಹೇಗೆ ಮಾಡಿದರು ಎಂಬ ಪ್ರಶ್ನೆಗಳಿಗೂ ಇದರಲ್ಲಿ ಅರ್ಧ ಉತ್ತರವಿದೆ. ಇಂದಿನ ನಕ್ಷೆಯನ್ನು ಅಂದಿನ ಮನುಷ್ಯನಿಗೆ ಹೊದಿಸಿದರೆ ಅದು ಕಾಣುವುದಿಲ್ಲ.

ಜಿಲ್ಲೆಯ ಸಂಗತಿಗೆ ಆಕರ ಯಾವುದು? ರಾಘವರ ಜೀವನಚರಿತ್ರೆ ಇದಕ್ಕೆ ಬೇಕಿಲ್ಲ. ಡಬ್ಲ್ಯೂ. ಫ್ರಾನ್ಸಿಸ್ ಎಂಬ ಅಧಿಕಾರಿ ಬರೆದ ಬಳ್ಳಾರಿ ಜಿಲ್ಲಾ ಗೆಜೆಟಿಯರ್ 1904ರಲ್ಲಿ ಅಚ್ಚಾಗಿದೆ, ಅಂತರ್ಜಾಲದಲ್ಲಿ ಅದರ ಸ್ಕ್ಯಾನ್ ಪ್ರತಿಯೂ ಸಿಗುತ್ತದೆ. ಜಿಲ್ಲೆಯ ಗಡಿಗಳ ಚರಿತ್ರೆಯನ್ನು ಇಂಥ ಪುಸ್ತಕದಲ್ಲಿ ನೋಡಬೇಕು. 1904ರಲ್ಲಿ ರಾಘವರಿಗೆ ಇಪ್ಪತ್ತನಾಲ್ಕು ವರ್ಷ, ಅವರ ಜೀವನ ಅಲ್ಲಿ ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ. ಹೀಗೆ ಒಂದೇ ವಾಕ್ಯದ ಎರಡು ಭಾಗಕ್ಕೆ ಎರಡು ಆಕರ ಬರುತ್ತವೆ. ಸಂಖ್ಯೆಗಳನ್ನು ವಾಕ್ಯದ ಕೊನೆಗೆ ಗುಡ್ಡೆ ಹಾಕಬೇಡಿ, ಯಾವ ಸಂಗತಿಗೆ ಯಾವುದೋ ಅದರ ಪಕ್ಕದಲ್ಲೇ ಇಡಿ. ತಿದ್ದಿದ ಮೇಲೆ ಅವಳ ವಾಕ್ಯ ಹೀಗಾಯಿತು:

‘ಬಳ್ಳಾರಿ ರಾಘವರು 1880ರ ಆಗಸ್ಟ್ 2ರಂದು ತಾಡಪತ್ರಿಯಲ್ಲಿ ಹುಟ್ಟಿದರು (1). ಆಗ ಆ ಊರು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು, 1882ರಲ್ಲಿ ಹೊಸ ಅನಂತಪುರ ಜಿಲ್ಲೆಗೆ ಸೇರಿತು (2). ಈಗ ಅದು ಆಂಧ್ರಪ್ರದೇಶದಲ್ಲಿದೆ.’

ಕೊನೆಯ ವಾಕ್ಯಕ್ಕೆ ಸಂಖ್ಯೆ ಇಲ್ಲ, ಬೇಕೂ ಇಲ್ಲ. ಎರಡನೆಯ ಸಂಖ್ಯೆಗೆ ಪ್ರಾಜೆಕ್ಟ್‌ನ ಕೊನೆಯಲ್ಲಿ ಬರೆದ ಸಾಲಿನ ರೂಪ ಇದು: ‘ಡಬ್ಲ್ಯೂ. ಫ್ರಾನ್ಸಿಸ್, ಬಳ್ಳಾರಿ (ಮದ್ರಾಸ್ ಜಿಲ್ಲಾ ಗೆಜೆಟಿಯರ್ ಮಾಲೆ, ಇಂಗ್ಲಿಷ್), ಮದ್ರಾಸ್, 1904, ಪುಟ…’ ಪುಟದ ಜಾಗದಲ್ಲಿ ನೀವು ಕಣ್ಣಾರೆ ಕಂಡ ಸಂಖ್ಯೆ ಬರಬೇಕು. ಸ್ಕ್ಯಾನ್ ಪ್ರತಿ ಓದುವವರು ಇಲ್ಲಿ ಎಡವುತ್ತಾರೆ: ಪರದೆಯ ಕೆಳಗೆ ತೋರುವ ಸಂಖ್ಯೆಯಲ್ಲಿ ರಟ್ಟು, ಮುನ್ನುಡಿ ಎಲ್ಲವೂ ಎಣಿಕೆಯಾಗಿರುತ್ತವೆ. ಪುಟದ ಮೇಲೆ ಅಚ್ಚಾಗಿರುವ ಸಂಖ್ಯೆಯನ್ನೇ ಬರೆಯಿರಿ. ಪುಸ್ತಕ ಬೇರೆ ಭಾಷೆಯದಾದರೆ ಭಾಷೆಯನ್ನು ಹೇಳಿ, ಕನ್ನಡದಲ್ಲಿ ಬರೆದದ್ದು ನಿಮ್ಮ ಅನುವಾದ ಎಂದು ಓದುಗರಿಗೆ ತಿಳಿಯುತ್ತದೆ.

ರಾಯಚೂರು, ಕೊಪ್ಪಳದವರಿಗೂ ಇದೇ ಕಾಟ, ಇನ್ನೊಂದು ರೂಪದಲ್ಲಿ. ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ, ಅದಕ್ಕೆ ಮೊದಲು ರಾಯಚೂರು ಜಿಲ್ಲೆಯ ಭಾಗ. ಅದಕ್ಕಿಂತ ಹಿಂದೆ, 1948ರವರೆಗೆ, ಇಡೀ ಪ್ರದೇಶ ನಿಜಾಮರ ಆಳ್ವಿಕೆಯಲ್ಲಿತ್ತು. ಹಳೆಯ ಪುಸ್ತಕದಲ್ಲಿ ‘ರಾಯಚೂರು ಜಿಲ್ಲೆಯ ಗಂಗಾವತಿ’ ಎಂದಿದ್ದರೆ ಲೇಖಕರು ತಪ್ಪಿದ್ದಾರೆ ಎಂದು ಭಾವಿಸಿ ತಿದ್ದಬೇಡಿ. ಹೊಸಪೇಟೆ, ಹಂಪಿಯ ಕಡೆಯವರ ಬಗ್ಗೆ ಬರೆಯುವಾಗ 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದದ್ದನ್ನು ನೆನಪಿಡಿ.

ಹತ್ತು ಜಾಲತಾಣ, ಒಂದೇ ಬಾಯಿ

“ಸರ್, ಹತ್ತು ಕಡೆ ಹೀಗೇ ಇದೆ” ಎನ್ನುವುದು ಮಕ್ಕಳ ದೊಡ್ಡ ಅಸ್ತ್ರ. ಹತ್ತು ಕಡೆ ಇದೆಯೋ, ಒಂದೇ ಕಡೆ ಇದ್ದದ್ದು ಹತ್ತು ಸಲ ನಕಲಾಗಿದೆಯೋ ಎಂದು ನೋಡಲು ಸುಲಭದ ಉಪಾಯವಿದೆ. ಒಂದು ವಿಚಿತ್ರವಾದ ಪದಜೋಡಣೆಯನ್ನೋ ಕಾಗುಣಿತದ ತಪ್ಪನ್ನೋ ಹಿಡಿದು ಹುಡುಕಿ. ಅದೇ ತಪ್ಪು ಅದೇ ಜಾಗದಲ್ಲಿ ಐದು ಪುಟದಲ್ಲಿ ಕಂಡರೆ ಆ ಐದೂ ಸೇರಿ ಒಂದು ಆಕರ. ಅವುಗಳ ಮೂಲ ಹೆಚ್ಚಾಗಿ ವಿಕಿಪೀಡಿಯ ಆಗಿರುತ್ತದೆ.

ವಿಕಿಪೀಡಿಯ ಓದಬೇಡಿ ಎಂದು ನಾನು ಹೇಳುವುದಿಲ್ಲ. ಓದಿ, ಆಮೇಲೆ ವಾಕ್ಯದ ತುದಿಯಲ್ಲಿರುವ ಚಿಕ್ಕ ಸಂಖ್ಯೆಯನ್ನು ಒತ್ತಿ ಕೆಳಗಿನ ಟಿಪ್ಪಣಿಗೆ ಇಳಿಯಿರಿ. ಅಲ್ಲಿ ಹೇಳಿರುವ ಪುಸ್ತಕವೋ ಪತ್ರಿಕೆಯೋ ಸಿಕ್ಕಿ ನೀವೇ ಓದಿದರೆ ಅದನ್ನೇ ಆಕರವಾಗಿ ಕೊಡಿ. ಸಿಗದಿದ್ದರೆ ಆ ಪುಸ್ತಕದ ಹೆಸರನ್ನು ಎತ್ತಿ ನಿಮ್ಮ ಪಟ್ಟಿಗೆ ಹಾಕಬೇಡಿ. ಓದದ ಪುಸ್ತಕವನ್ನು ಓದಿದೆ ಎಂದ ಹಾಗಾಗುತ್ತದೆ, ಮತ್ತು ಮೇಷ್ಟ್ರು ‘ಆ ಪುಸ್ತಕದ ಬಣ್ಣ ಯಾವುದು?’ ಎಂದು ಕೇಳಿದರೆ ಕಥೆ ಮುಗಿಯಿತು. ವಿಕಿಪೀಡಿಯದಲ್ಲಿ ಓದಿದ್ದರೆ ವಿಕಿಪೀಡಿಯ ಎಂದೇ ಬರೆಯಿರಿ, ಅದರಲ್ಲಿ ಅವಮಾನವೇನಿಲ್ಲ.

ಆದರೆ ಆ ಪುಟ ನಾಳೆ ಬದಲಾಗಬಹುದು. ನೀವು ಓದಿದ ಆವೃತ್ತಿಯನ್ನೇ ತೋರಿಸಲು ಪುಟದ ‘ಇತಿಹಾಸ’ಕ್ಕೆ ಹೋಗಿ, ಎಲ್ಲಕ್ಕಿಂತ ಮೇಲಿರುವ ದಿನಾಂಕವನ್ನು ಒತ್ತಿ. ಆಗ ವಿಳಾಸದ ಕೊನೆಗೆ ಒಂದು ಸಂಖ್ಯೆ ಸೇರುತ್ತದೆ:

```
https://kn.wikipedia.org/w/index.php?title=...&oldid=...
```

`oldid` ನಂತರದ ಆ ಸಂಖ್ಯೆ ಇರುವ ವಿಳಾಸ ನೀವು ಓದಿದ ರೂಪವನ್ನೇ ತೆರೆಯುತ್ತದೆ, ಮುಂದೆ ಯಾರು ಏನು ತಿದ್ದಿದರೂ. ಪ್ರಾಜೆಕ್ಟ್‌ನಲ್ಲಿ ಲೇಖನದ ಹೆಸರು, ಕನ್ನಡ ವಿಕಿಪೀಡಿಯ, ಈ ವಿಳಾಸ, ಓದಿದ ದಿನಾಂಕ ಇಷ್ಟನ್ನೂ ಬರೆಯಿರಿ. ಬೇರೆ ಜಾಲತಾಣಗಳಿಗೆ ಇಂಥ ಸೌಕರ್ಯ ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿ ಲೇಖನದ ತಲೆಬರಹ, ಬರೆದವರ ಹೆಸರು, ತಾಣದ ಹೆಸರು, ಪ್ರಕಟವಾದ ದಿನ ಮತ್ತು ನೀವು ನೋಡಿದ ದಿನ ಕೊಟ್ಟು, ಪುಟದ ಚಿತ್ರವನ್ನು ಮೊಬೈಲ್‌ನಲ್ಲಿ ಉಳಿಸಿಕೊಳ್ಳಿ.

ದಂತಕಥೆಗಳದ್ದು ಬೇರೆಯೇ ಪಾಡು. ರಾಘವರ ನಾಟಕ ನೋಡಿ ಗಾಂಧೀಜಿ ಮೆಚ್ಚಿ ಆಡಿದ ಮಾತು, ಇಂಗ್ಲೆಂಡಿನಲ್ಲಿ ಬರ್ನಾರ್ಡ್ ಷಾ ಹೇಳಿದರೆನ್ನುವ ಮಾತು ಪ್ರತಿ ಪ್ರಾಜೆಕ್ಟ್‌ನಲ್ಲೂ ಬರುತ್ತವೆ, ಒಂದೊಂದರಲ್ಲಿ ಒಂದೊಂದು ಪದದಲ್ಲಿ. ಪದಗಳು ಹೀಗೆ ಬದಲಾಗುತ್ತಿದ್ದರೆ ಯಾರೂ ಮೂಲ ನೋಡಿಲ್ಲ ಎಂದೇ ಅರ್ಥ. ಅಂಥ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಇಡಬೇಡಿ. ‘ಮೆಚ್ಚಿದರು ಎಂದು ಇಂಥ ಪುಸ್ತಕದ ಇಂಥ ಪುಟ ಹೇಳುತ್ತದೆ’ ಎಂದು ಬರೆಯಿರಿ. ‘ಎನ್ನಲಾಗಿದೆ’ ಎಂಬ ಪದವನ್ನು ನಾನು ಕೆಂಪು ಶಾಯಿಯಲ್ಲಿ ಸುತ್ತುತ್ತೇನೆ, ಪಕ್ಕದಲ್ಲಿ ‘ಯಾರಿಂದ?’ ಎಂದು ಬರೆಯುತ್ತೇನೆ.

ಇರುವವರ ಬಗ್ಗೆ ಬರೆಯುವಾಗ

ಕೊಪ್ಪಳ ಜಿಲ್ಲೆಯ ಮೊರನಾಳದ ತೊಗಲು ಗೊಂಬೆಯಾಟದ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಪ್ರಶಸ್ತಿಗೆ ಆಕರ ಕೇಂದ್ರ ಸರ್ಕಾರ ಆ ವರ್ಷ ಪ್ರಕಟಿಸಿದ ಪಟ್ಟಿ, ಅದು ಎಲ್ಲರಿಗೂ ಸಿಗುತ್ತದೆ. ವಯಸ್ಸಿನ ವಿಚಾರ ಅಷ್ಟು ಸರಳವಲ್ಲ. ಆಗ ಪತ್ರಿಕೆಗಳು ಅವರಿಗೆ 96 ವರ್ಷ ಎಂದು ಬರೆದವು. ಕೂಡಲೇ ಮಕ್ಕಳು ಕಳೆಯುವ ಲೆಕ್ಕ ಮಾಡಿ ‘1929ರಲ್ಲಿ ಜನಿಸಿದರು’ ಎಂದು ಬರೆದುಬಿಡುತ್ತಾರೆ. ಜನವರಿಯಲ್ಲಿ 96 ತುಂಬಿದ್ದರೆ ಹುಟ್ಟಿದ ವರ್ಷ 1928 ಕೂಡ ಆಗಬಹುದು, 96 ನಡೆಯುತ್ತಿದೆ ಎಂಬ ಅರ್ಥವಾದರೆ ಲೆಕ್ಕ ಮತ್ತೆ ಬೇರೆ. ಪತ್ರಿಕೆ ಹೇಳಿದ್ದು ವಯಸ್ಸನ್ನು, ಆದ್ದರಿಂದ ನೀವೂ ವಯಸ್ಸನ್ನೇ ಬರೆದು, ಪತ್ರಿಕೆಯ ಹೆಸರು ಮತ್ತು ದಿನಾಂಕ ಕೊಡಿ.

ನಿಮ್ಮ ಓಣಿಯ ಹಿರಿಯರೊಬ್ಬರನ್ನು ಆರಿಸಿಕೊಂಡರೆ ಜನ್ಮದಿನಾಂಕ ಜೂನ್ 1 ಎಂದು ಸಿಗುವ ಸಂಭವ ಬಹಳ. ಅಂದಿನ ಶಾಲೆಗಳಲ್ಲಿ ಮಗುವನ್ನು ಸೇರಿಸುವ ದಿನ ಮೇಷ್ಟ್ರು ಅಂದಾಜಿನಲ್ಲಿ ಹಾಕಿದ ದಿನಾಂಕ ಅದು. ಅಜ್ಜಿಯನ್ನು ಕೇಳಿದರೆ ‘ದೊಡ್ಡ ಮಳೆ ಬಂದ ವರ್ಷ, ಎಳ್ಳು ಅಮಾವಾಸ್ಯೆಯ ಮುಂದೆ’ ಎನ್ನುತ್ತಾರೆ, ಎಳ್ಳು ಅಮಾವಾಸ್ಯೆ ಜೂನ್‌ನಲ್ಲಿ ಬರುವುದಿಲ್ಲ. ಇಲ್ಲಿ ಒಂದನ್ನು ಒರೆಸಿ ಇನ್ನೊಂದನ್ನು ಉಳಿಸಬೇಡಿ. ‘ಶಾಲಾ ದಾಖಲಾತಿಯಂತೆ ಜೂನ್ 1, ಮನೆಯವರು ಹೇಳುವಂತೆ ಎಳ್ಳು ಅಮಾವಾಸ್ಯೆಯ ಆಸುಪಾಸು’ ಎಂದು ಎರಡನ್ನೂ ಅವುಗಳ ಹೆಸರಿನಲ್ಲೇ ಇಡಿ. ಮಾತಾಡಿಸಿದ್ದಕ್ಕೆ ಆಕರ ಹೀಗೆ: ಹೇಳಿದವರ ಹೆಸರು, ನೀವು ಯಾರ ಬಗ್ಗೆ ಬರೆಯುತ್ತೀರೋ ಆ ವ್ಯಕ್ತಿಗೆ ಅವರ ಸಂಬಂಧ, ಊರು, ಮಾತಾಡಿದ ದಿನಾಂಕ. ಹೆಸರು ಹಾಕಲು ಅವರ ಒಪ್ಪಿಗೆ ಮೊದಲೇ ಕೇಳಿ. ಮೊಬೈಲ್ ಸಂಖ್ಯೆ, ಆಧಾರ್ ಕಾರ್ಡಿನ ಜೆರಾಕ್ಸ್ ಪ್ರಾಜೆಕ್ಟ್‌ಗೆ ಅಂಟಿಸಬೇಡಿ. ಒಬ್ಬ ಹುಡುಗ ಶ್ರದ್ಧೆಯಿಂದ ಅಂಟಿಸಿ ತಂದಿದ್ದ, ಬಿಡಿಸಲು ಬಿಸಿನೀರಿನ ಬಟ್ಟೆ ಬೇಕಾಯಿತು.

ಹಳೆಯ ಕಾಗದ ಸಿಕ್ಕರೆ ಅದರಲ್ಲಿ 1347 ಎಂಬಂಥ ವರ್ಷ ಕಂಡು ಗಾಬರಿಯಾಗಬೇಡಿ, ಅದು ಫಸಲಿ, ಅಂದರೆ ಕಂದಾಯದ ಲೆಕ್ಕದ ವರ್ಷ. ಅದಕ್ಕೆ 590 ಕೂಡಿಸಿದರೆ ಆ ವರ್ಷ ಆರಂಭವಾದ ಇಸವಿ ಸಿಗುತ್ತದೆ: 1347 ಎಂದರೆ 1937ರಲ್ಲಿ ಶುರುವಾಗಿ 1938ರಲ್ಲಿ ಮುಗಿದದ್ದು. ಶುರುವಾಗುವ ತಿಂಗಳು ಮಾತ್ರ ತುಂಗಭದ್ರೆಯ ಎರಡು ದಡಕ್ಕೂ ಒಂದೇ ಅಲ್ಲ. ನಿಜಾಮರ ಸೀಮೆಯಲ್ಲಿ ಅಕ್ಟೋಬರ್, ಮದ್ರಾಸ್ ಪ್ರಾಂತ್ಯದ ಬಳ್ಳಾರಿಯಲ್ಲಿ ಜುಲೈ. ತಿಂಗಳು ಗೊತ್ತಿಲ್ಲದೆ ಒಂದೇ ಇಸವಿಗೆ ಇಳಿಸಬೇಡಿ. ‘ಫಸಲಿ 1347 (1937–38)’ ಎಂದು ಕಾಗದದಲ್ಲಿ ಇದ್ದದ್ದನ್ನು ಮೊದಲು, ನಿಮ್ಮ ಲೆಕ್ಕವನ್ನು ಕಂಸದಲ್ಲಿ ಬರೆಯಿರಿ. ಲೆಕ್ಕ ತಪ್ಪಿದ್ದರೆ ಓದಿದವರು ಸರಿಪಡಿಸಿಕೊಳ್ಳಲು ಮೂಲ ಸಂಖ್ಯೆ ಅಲ್ಲೇ ಇರುತ್ತದೆ.

ಪಟ್ಟಿಯ ಜೋಡಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬರಹದಲ್ಲಿ ಬಂದ ಸಂಖ್ಯೆಯ ಕ್ರಮದಲ್ಲೇ ಕೊನೆಯ ಪುಟದಲ್ಲಿ ಬರೆಯಿರಿ, ಒಂದೇ ಪುಸ್ತಕ ಮತ್ತೆ ಬಂದರೆ ‘ಸಂಖ್ಯೆ 2ರ ಪುಸ್ತಕ, ಪುಟ ಇಷ್ಟು’ ಎಂದರೆ ಸಾಕು. ಅಂಗಡಿಯ ಚಿತ್ರದ ಹಾಳೆ ಬಳಸಿದ್ದರೆ ಅದನ್ನೂ ಬರೆಯಿರಿ, ಅಚ್ಚು ಹಾಕಿದವರ ಹೆಸರು ಕೆಳ ಅಂಚಿನಲ್ಲಿ ಸಣ್ಣದಾಗಿ ಇರುತ್ತದೆ. ಆ ಅಂಚನ್ನು ಕತ್ತರಿಸುವ ಮೊದಲು ನೋಡಿಕೊಳ್ಳಿ. ನಮ್ಮ ಹುಡುಗಿಯ ಹಾಳೆಯ ಅಂಚು ಅಷ್ಟರಲ್ಲಾಗಲೇ ಕಸದ ಬುಟ್ಟಿ ಸೇರಿತ್ತು, ಇನ್ನೊಂದು ಹಾಳೆ ಕೊಂಡು ತಂದಳು.